65 ವರ್ಷ ಮರೆಯದ ಮೈ: ಲಸಿಕೆ ನಮ್ಮ ದೇಹಕ್ಕೆ ಕಲಿಸುವ ಬಗೆ

ಉತ್ತರ ಅಟ್ಲಾಂಟಿಕ್ ಸಮುದ್ರದ ಮಧ್ಯೆ ಫ್ಯಾರೋ ಎಂಬ ಪುಟ್ಟ ದ್ವೀಪಗಳಿವೆ. 1846ರಲ್ಲಿ ಅಲ್ಲಿಗೆ ಹಡಗಿನಲ್ಲಿ ಬಂದ ಒಬ್ಬರ ಜೊತೆ ದಡಾರವೂ ಬಂತು. ದಡಾರ ಗೊತ್ತಲ್ವಾ? ಮೊದಲು ಜ್ವರ, ಕೆಮ್ಮು, ಕೆಂಪು ಕಣ್ಣು. ಆಮೇಲೆ ಮುಖದಿಂದ ಶುರುವಾಗಿ ಮೈಯೆಲ್ಲ ಕೆಂಪು ದದ್ದು. ಕೆಲವೇ ತಿಂಗಳಲ್ಲಿ, ಅಲ್ಲಿದ್ದ ಸುಮಾರು 7,800 ಜನರಲ್ಲಿ ಸುಮಾರು 6,000 ಜನ ಮಲಗಿಬಿಟ್ಟರು.

ಇದನ್ನು ನೋಡಲು ಪೀಟರ್ ಪಾನಮ್ ಎಂಬ ಡೆನ್ಮಾರ್ಕಿನ ಯುವ ವೈದ್ಯನನ್ನು ಕಳಿಸಿದರು. ಆತ ಮನೆಮನೆಗೆ ಹೋಗಿ ಯಾರಿಗೆ ಯಾವ ದಿನ ರೋಗ ತಗುಲಿತು, ಯಾವ ದಿನ ದದ್ದು ಎದ್ದಿತು ಎಂದು ಬರೆದುಕೊಂಡ. ಹಾಗೆ ಬರೆಯುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಆ ದ್ವೀಪಗಳಲ್ಲಿ ಅದಕ್ಕೂ ಮೊದಲು ದಡಾರ ಬಂದದ್ದು 1781ರಲ್ಲಿ. ಅಂದರೆ 65 ವರ್ಷ ಹಿಂದೆ. ಆಗ ಚಿಕ್ಕ ಮಕ್ಕಳಾಗಿದ್ದು ದಡಾರ ಬಂದು ವಾಸಿಯಾದವರು ಈಗ ಅಜ್ಜ ಅಜ್ಜಿಯರಾಗಿದ್ದರು. ಅವರಲ್ಲಿ ಒಬ್ಬರಿಗೂ ರೋಗ ಮತ್ತೆ ಬರಲಿಲ್ಲ. ಮನೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಜ್ವರದಲ್ಲಿದ್ದರೂ ಅವರು ಆರಾಮಾಗಿದ್ದರು.

ಎಷ್ಟೋ ಹೆಸರು, ಎಷ್ಟೋ ಮುಖ ಅವರ ತಲೆಗೆ ಮರೆತುಹೋಗಿರಬಹುದು. ಆದರೆ ಒಂದೇ ಸಲ ನೋಡಿದ ಒಂದು ರೋಗವನ್ನು ಅವರ ಮೈ 65 ವರ್ಷ ಮರೆತಿರಲಿಲ್ಲ. ಆ ನೆನಪು ಎಲ್ಲಿತ್ತು? ಮತ್ತು ಕಾಯಿಲೆ ಬೀಳದೆಯೇ ಅಂಥ ನೆನಪು ನಿನಗೂ ಹೇಗೆ ಸಿಗುತ್ತದೆ?

ನೀನು ಹುಟ್ಟುವಾಗಲೇ ತಯಾರಿದ್ದ ಕೊಕ್ಕೆಗಳು

ದಡಾರ ತರುವುದು ಒಂದು ವೈರಸ್. ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆ ಅದು. ಅದರ ಮೈಮೇಲೆಲ್ಲ ಪುಟ್ಟ ಪುಟ್ಟ ಗುಬಟುಗಳಿವೆ. ಆ ಗುಬಟುಗಳಿಂದಲೇ ಅದು ನಮ್ಮ ಜೀವಕೋಶಗಳನ್ನು ಹಿಡಿದುಕೊಂಡು ಒಳಗೆ ನುಗ್ಗುತ್ತದೆ. ಒಳಗೆ ಹೋಗಿ ತನ್ನಂಥವೇ ಸಾವಿರಾರು ವೈರಸ್‌ಗಳನ್ನು ಮಾಡಿಸಿಕೊಳ್ಳುತ್ತದೆ.

ಈಗ ನಿನ್ನ ರಕ್ತದ ಕಡೆ ಬರೋಣ. ಅಲ್ಲಿ ಕೆಂಪು ಕಣಗಳ ಜೊತೆ ಬಿಳಿ ರಕ್ತಕಣಗಳೂ ಇವೆ. ಅವುಗಳಲ್ಲಿ ಒಂದು ಜಾತಿಗೆ ಬಿ ಕೋಶ ಎಂದು ಹೆಸರು. ಪ್ರತಿ ಬಿ ಕೋಶದ ಮೈಮೇಲೆ ಸಾವಿರಾರು ಕೊಕ್ಕೆಗಳಿರುತ್ತವೆ. ಒಂದು ಕೋಶದ ಕೊಕ್ಕೆಗಳೆಲ್ಲ ಒಂದೇ ಆಕಾರ. ಪಕ್ಕದ ಕೋಶದ ಕೊಕ್ಕೆಗಳದು ಬೇರೆ ಆಕಾರ. ಅದರ ಪಕ್ಕದ್ದು ಇನ್ನೊಂದು. ಹೀಗೆ ನಿನ್ನ ಮೈಯಲ್ಲಿ ಲಕ್ಷಾಂತರ, ಕೋಟ್ಯಂತರ ಬಗೆಯ ಕೊಕ್ಕೆಗಳಿವೆ.

ಇಷ್ಟೊಂದು ಬಗೆ ಹೇಗೆ ಬಂತು? ನಮ್ಮ ವರ್ಣಮಾಲೆಯನ್ನು ನೆನಪು ಮಾಡಿಕೋ. ಇರುವುದು ಐವತ್ತರಷ್ಟು ಅಕ್ಷರ. ಕಾಗುಣಿತ, ಒತ್ತಕ್ಷರ ಸೇರಿಸಿ ಜೋಡಿಸುತ್ತಾ ಹೋದರೆ ಪದಗಳಿಗೆ ಕೊನೆಯೇ ಇಲ್ಲ. ಯಾರೂ ಇದುವರೆಗೆ ಆಡದ ಪದಗಳನ್ನೂ ಜೋಡಿಸಬಹುದು. ಬಿ ಕೋಶವೂ ಹುಟ್ಟುವಾಗ ಹೀಗೇ ಮಾಡುತ್ತದೆ. ಕೊಕ್ಕೆ ಮಾಡಲು ಬೇಕಾದ ವಂಶವಾಹಿಗಳ ತುಂಡುಗಳಲ್ಲಿ ಕೆಲವನ್ನು ಕಣ್ಣುಮುಚ್ಚಿ ಆರಿಸಿ ಜೋಡಿಸಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಜಪಾನಿನ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಕಣ್ಣುಮುಚ್ಚಿ ಅನ್ನುವುದನ್ನು ಸ್ವಲ್ಪ ಯೋಚಿಸು. ಬಿ ಕೋಶಕ್ಕೆ ದಡಾರ ಅಂದರೆ ಏನೆಂದು ಗೊತ್ತಿಲ್ಲ. ಅದು ಸುಮ್ನೆ ಒಂದು ಕೊಕ್ಕೆ ಮಾಡಿಕೊಂಡು ಕಾಯುತ್ತದೆ. ಆದರೆ ಇಷ್ಟೊಂದು ಬಗೆ ಇರುವುದರಿಂದ, ದಡಾರದ ಗುಬಟಿಗೆ ಕೂರುವ ಕೊಕ್ಕೆ ಯಾವುದಾದರೂ ಒಂದರಲ್ಲಿ ಇದ್ದೇ ಇರುತ್ತದೆ. ಅಂದರೆ ದಡಾರವನ್ನು ನೀನು ಒಮ್ಮೆಯೂ ನೋಡದಿದ್ದರೂ ಅದನ್ನು ಹಿಡಿಯಬಲ್ಲ ಕೋಶ ನಿನ್ನೊಳಗೆ ಮೊದಲೇ ಇದೆ! ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಮಾತು ಇದು. ಲಸಿಕೆ ಹೊರಗಿನಿಂದ ಶಕ್ತಿ ತಂದು ತುಂಬುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಶಕ್ತಿ ನಿನ್ನದೇ. ಲಸಿಕೆ ಅದನ್ನು ಹುಡುಕಿ ಎಬ್ಬಿಸುತ್ತದೆ.

ಹಾಗಾದರೆ ತೊಂದರೆ ಏನು? ಅಂಥ ಕೋಶಗಳು ತೀರಾ ಕಡಿಮೆ. ಲಕ್ಷಕ್ಕೆ ಒಂದೋ, ಹತ್ತು ಲಕ್ಷಕ್ಕೆ ಒಂದೋ ಇರುತ್ತವೆ. ಅವುಗಳ ಕೊಕ್ಕೆಯೂ ಗುಬಟಿಗೆ ಸುಮಾರಾಗಿ ಕೂರುತ್ತದೆಯೇ ಹೊರತು ಬಿಗಿಯಾಗಿ ಅಲ್ಲ.

ವೈರಸ್ಸನ್ನು ಸಾಧು ಮಾಡಿದ್ದು

1954ರಲ್ಲಿ ಅಮೆರಿಕದ ಬಾಸ್ಟನ್ ಹತ್ತಿರದ ಒಂದು ಶಾಲೆಯಲ್ಲಿ ದಡಾರ ಹರಡಿತು. ವಿಜ್ಞಾನಿ ಜಾನ್ ಎಂಡರ್ಸ್ ಅವರ ಪ್ರಯೋಗಾಲಯದ ಥಾಮಸ್ ಪೀಬಲ್ಸ್ ಎಂಬ ವೈದ್ಯರು ಅಲ್ಲಿಗೆ ಹೋಗಿ, ಕಾಯಿಲೆ ಬಿದ್ದ ಮಕ್ಕಳ ರಕ್ತವನ್ನೂ ಗಂಟಲಿನ ದ್ರವವನ್ನೂ ತಂದರು. 13 ವರ್ಷದ ಒಬ್ಬ ಹುಡುಗನ ಮಾದರಿಯಿಂದ ವೈರಸ್ ಸಿಕ್ಕಿತು. ಅವನ ಮನೆತನದ ಹೆಸರು ಎಡ್ಮನ್‌ಸ್ಟನ್. ವೈರಸ್‌ಗೂ ಅದೇ ಹೆಸರು ಬಂತು.

ಅದನ್ನು ವಿಜ್ಞಾನಿಗಳು ಮೊದಲು ಮನುಷ್ಯರ ಜೀವಕೋಶಗಳಲ್ಲಿ ಬೆಳೆಸಿದರು. ಆಮೇಲೆ ಮೊಟ್ಟೆಯೊಳಗೆ ಬೆಳೆಯುತ್ತಿರುವ ಕೋಳಿಮರಿಯ ಜೀವಕೋಶಗಳಲ್ಲಿ ಬೆಳೆಸಿದರು. ಅಲ್ಲಿ ಬೆಳೆದದ್ದನ್ನು ತೆಗೆದು ಹೊಸ ಕೋಶಗಳಿಗೆ ಹಾಕುವುದು, ಮತ್ತೆ ತೆಗೆಯುವುದು, ಮತ್ತೆ ಹಾಕುವುದು. ಹೀಗೆ ಎಷ್ಟೋ ಸಲ. ಕೋಳಿಯ ಕೋಶಗಳಲ್ಲಿ ಬದುಕುವುದು ರೂಢಿಯಾದ ಹಾಗೆ, ಮನುಷ್ಯರ ಮೈಯಲ್ಲಿ ಬೇಗ ಬೆಳೆಯುವ ಚಾಳಿ ವೈರಸ್‌ಗೆ ಕಮ್ಮಿಯಾಯಿತು. ಆದರೆ ಅದರ ಮೈಮೇಲಿನ ಗುಬಟು ಹೆಚ್ಚುಕಮ್ಮಿ ಹಾಗೇ ಉಳಿಯಿತು. ಬೇಕಾದದ್ದೂ ಅದೇ. ನೋಡಲು ದಡಾರದ ವೈರಸ್ಸೇ, ಆದರೆ ಕಾಯಿಲೆ ಬೀಳಿಸುವ ತಾಕತ್ತಿಲ್ಲ. 1963ರಲ್ಲಿ ಲಸಿಕೆ ಬಳಕೆಗೆ ಬಂತು. ಮೊದಮೊದಲು ಅದರಿಂದ ಜ್ವರ ಜಾಸ್ತಿ ಬರುತ್ತಿತ್ತು. ವೈರಸ್ಸನ್ನು ಇನ್ನಷ್ಟು ಸಾಧು ಮಾಡಿದ ಲಸಿಕೆ 1968ರಲ್ಲಿ ಬಂತು.

ಸೂಜಿ ಚುಚ್ಚಿದ ಮೇಲೆ

ಈಗ ಲಸಿಕೆ ತೋಳಿನ ಚರ್ಮದ ಕೆಳಗೆ ಹೋಯಿತು ಎಂದುಕೊಳ್ಳೋಣ. ಹನಿಯಷ್ಟು ನೀರು. ಅದರಲ್ಲಿ ಸಾವಿರಕ್ಕೂ ಹೆಚ್ಚು ಸಾಧು ವೈರಸ್‌ಗಳು.

ಚರ್ಮದ ಕೆಳಗೆ ಡೆಂಡ್ರಿಟಿಕ್ ಕೋಶಗಳು ಎಂಬ ಕಾವಲಿನ ಕೋಶಗಳಿವೆ. ಮರದ ಕೊಂಬೆಗಳಂತೆ ಕವಲು ಚಾಚಿಕೊಂಡಿರುತ್ತವೆ. ಅವು ವೈರಸ್ಸನ್ನು ನುಂಗಿ, ತುಂಡು ಮಾಡಿ, ಆ ತುಂಡುಗಳನ್ನು ತಮ್ಮ ಮೈಮೇಲೆ ಅಂಟಿಸಿಕೊಳ್ಳುತ್ತವೆ. ಆಮೇಲೆ ಹೊರಡುತ್ತವೆ. ಎಲ್ಲಿಗೆ? ಕಂಕುಳಿಗೆ. ಅಲ್ಲಿ ಹುರುಳಿಕಾಳಿನ ಆಕಾರದ ದುಗ್ಧ ಗ್ರಂಥಿಗಳಿವೆ. ಗಂಟಲು ನೋವಾದಾಗ ದವಡೆಯ ಕೆಳಗೆ ಗಂಟಿನಂತೆ ಕೈಗೆ ಸಿಗುತ್ತದಲ್ಲ, ಅದೂ ಇಂಥದ್ದೇ. ನಿನ್ನ ಬಿ ಕೋಶಗಳು ಒಂದು ಗ್ರಂಥಿಯಿಂದ ಇನ್ನೊಂದಕ್ಕೆ ದಿನವೂ ಅಲೆದಾಡುತ್ತಿರುತ್ತವೆ. ಹತ್ತು ಲಕ್ಷಕ್ಕೆ ಒಂದು ಎಂದೆನಲ್ಲ, ಆ ಕೋಶ ಇಡೀ ಮೈಯಲ್ಲಿ ವೈರಸ್ಸನ್ನು ಹುಡುಕಬೇಕಿಲ್ಲ. ಗ್ರಂಥಿಯಲ್ಲಿ ಕಾದರೆ ಸಾಕು. ವೈರಸ್ಸಿನ ತುಂಡುಗಳೇ ಅಲ್ಲಿಗೆ ಬರುತ್ತವೆ.

ಸರಿಯಾದ ಕೋಶದ ಕೊಕ್ಕೆಗೆ ಗುಬಟು ಸಿಕ್ಕಿತು. ಹಾಗೆಂದು ಅದು ತಕ್ಷಣ ಕೆಲಸ ಶುರು ಮಾಡುವುದಿಲ್ಲ. ಅದಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕು. ಕೊಡುವುದು ಸಹಾಯಕ ಟಿ ಕೋಶ ಎಂಬ ಇನ್ನೊಂದು ಜಾತಿಯ ಬಿಳಿ ರಕ್ತಕಣ. ಅದು ಡೆಂಡ್ರಿಟಿಕ್ ಕೋಶ ತಂದ ತುಂಡನ್ನು ಮೊದಲೇ ನೋಡಿರುತ್ತದೆ. ಬಿ ಕೋಶ ಹಿಡಿದದ್ದೂ ಅದೇ ವೈರಸ್ಸು ಎಂದು ಕಂಡರೆ ಮಾತ್ರ ಒಪ್ಪಿಗೆ ಸಿಗುತ್ತದೆ. ಇಷ್ಟು ಕಟ್ಟುನಿಟ್ಟು ಯಾಕೆ? ಕೊಕ್ಕೆಗಳೆಲ್ಲ ಕಣ್ಣುಮುಚ್ಚಿ ಮಾಡಿದವಲ್ವಾ? ಕೆಲವು ಕೊಕ್ಕೆ ನಿನ್ನದೇ ಮೈಯ ಭಾಗಕ್ಕೆ ಸಿಕ್ಕಿಕೊಳ್ಳಬಹುದು. ಅಂಥ ಕೋಶ ತಾನಾಗಿಯೇ ಹೊರಟರೆ ಅಪಾಯ.

ಒಪ್ಪಿಗೆ ಸಿಕ್ಕ ಮೇಲೆ ಬಿ ಕೋಶ ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ. ನಾಲ್ಕು ಎಂಟು. ದಿನಕ್ಕೆ ಎರಡು ಸಲ ಹೀಗೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಂಡು ನೀನೇ ಲೆಕ್ಕ ಹಾಕು. ಏಳು ದಿನಕ್ಕೆ ಹದಿನಾಲ್ಕು ಸಲ. ಒಂದು ಕೋಶ 16,384 ಆಗುತ್ತದೆ. ಕಾಗದದ ಮೇಲೆ ಬರೆದು ನೋಡಿದರೆ, ಮೊದಲ ಮೂರು ದಿನ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಒಮ್ಮೆಲೇ ಏರುತ್ತದೆ.

ಹೀಗೆ ಹೆಚ್ಚಿದ ಕೋಶಗಳಲ್ಲಿ ಎಷ್ಟೋ ಕೋಶಗಳು ಹೊಸ ಕೆಲಸ ಹಿಡಿಯುತ್ತವೆ. ತಮ್ಮ ಕೊಕ್ಕೆಗಳನ್ನು ಮೈಮೇಲೆ ಇಟ್ಟುಕೊಳ್ಳುವ ಬದಲು ಬಿಡಿಬಿಡಿಯಾಗಿ ರಕ್ತಕ್ಕೆ ಬಿಡತೊಡಗುತ್ತವೆ. ಒಂದೊಂದು ಕೋಶ ಸೆಕೆಂಡಿಗೆ ಸಾವಿರಾರು ಕೊಕ್ಕೆ ಬಿಡಬಲ್ಲದು. ರಕ್ತದಲ್ಲಿ ತೇಲುವ ಈ ಬಿಡಿ ಕೊಕ್ಕೆಗಳನ್ನೇ ಪ್ರತಿಕಾಯ ಎನ್ನುವುದು. ಪ್ರತಿಕಾಯ ಹೋಗಿ ವೈರಸ್ಸಿನ ಗುಬಟನ್ನು ಮುಚ್ಚಿಕೊಳ್ಳುತ್ತದೆ. ಗುಬಟು ಮುಚ್ಚಿದ ವೈರಸ್ ನಮ್ಮ ಕೋಶವನ್ನು ಹಿಡಿಯಲಾರದು. ಅಷ್ಟೇ, ಅದರ ಆಟ ಮುಗಿಯಿತು.

ಲಸಿಕೆ ಹಾಕಿಸಿಕೊಂಡ 100 ಮಕ್ಕಳಲ್ಲಿ 5ರಿಂದ 15 ಮಕ್ಕಳಿಗೆ ಜ್ವರ ಬರುತ್ತದೆ. ಬರುವುದು ಸಾಮಾನ್ಯವಾಗಿ ಏಳರಿಂದ ಹನ್ನೆರಡನೆಯ ದಿನದ ಒಳಗೆ. ವಾರ ಕಳೆದ ಮೇಲೆ ಯಾಕೆ ಜ್ವರ ಎಂದು ಮನೆಯವರಿಗೆ ಗಾಬರಿಯಾಗುತ್ತದೆ. ಈಗ ನಿನಗೆ ಗೊತ್ತು. ಸಾಧು ವೈರಸ್ ಸ್ವಲ್ಪ ಹೆಚ್ಚುವುದೂ, ನಿನ್ನ ಕೋಶಗಳ ಸಂಖ್ಯೆ ಏರುವುದೂ ಅದೇ ದಿನಗಳಲ್ಲಿ. ಕೆಲವರಿಗೆ ತೆಳುವಾದ ದದ್ದೂ ಏಳುತ್ತದೆ. ಎರಡು ಮೂರು ದಿನದಲ್ಲಿ ಹೋಗುತ್ತದೆ.

ಬೇಕೆಂದೇ ತಪ್ಪು ಬರೆಯುವ ಕೋಶಗಳು

ಜ್ವರ ಹೋಯಿತು, ನೀನು ಆಟಕ್ಕೆ ಹೋದೆ. ಕಂಕುಳಿನ ಗ್ರಂಥಿಯಲ್ಲಿ ಮಾತ್ರ ಇನ್ನೂ ವಾರಗಟ್ಟಲೆ ಕೆಲಸ ನಡೆಯುತ್ತಲೇ ಇರುತ್ತದೆ. ಮೊದಲ ಕೊಕ್ಕೆ ಸುಮಾರಾಗಿ ಕೂರುತ್ತಿತ್ತು ಎಂದೆನಲ್ಲ, ಅದನ್ನು ಬಿಗಿ ಮಾಡಬೇಕು.

ಬಿ ಕೋಶಗಳು ಇಲ್ಲಿ ಎರಡಾಗುವಾಗ ಕೊಕ್ಕೆಯ ವಂಶವಾಹಿಯನ್ನು ನಕಲು ಮಾಡುತ್ತಾ ಬೇಕೆಂದೇ ಅಲ್ಲಲ್ಲಿ ಅಕ್ಷರ ತಪ್ಪು ಮಾಡುತ್ತವೆ. ಮೈಯ ಬೇರೆ ಕಡೆ ಇಂಥ ತಪ್ಪಾದರೆ ಕೋಶ ಹೆದರಿ ತಿದ್ದಿಕೊಳ್ಳುತ್ತದೆ. ಇಲ್ಲಿ ತಪ್ಪು ಮಾಡುವುದೇ ಕೆಲಸ. ಹೆಚ್ಚಿನ ತಪ್ಪುಗಳಿಂದ ಕೊಕ್ಕೆ ಕೆಡುತ್ತದೆ. ಒಂದೊಂದು ತಪ್ಪಿನಿಂದ ಕೊಕ್ಕೆ ಮೊದಲಿಗಿಂತ ಚೆನ್ನಾಗಿ ಕೂರುತ್ತದೆ. ಗ್ರಂಥಿಯಲ್ಲಿ ಇಟ್ಟಿರುವ ವೈರಸ್ಸಿನ ತುಂಡುಗಳು ಕಡಿಮೆ, ಅವಕ್ಕಾಗಿ ಕಾಯುವ ಕೋಶಗಳು ಜಾಸ್ತಿ. ಬಿಗಿಯಾಗಿ ಹಿಡಿದವಕ್ಕೆ ತುಂಡು ಸಿಗುತ್ತದೆ, ಜೊತೆಗೆ ಟಿ ಕೋಶದ ಸಹಾಯವೂ. ಸಿಗದಿದ್ದವು ಸಾಯುತ್ತವೆ. ಉಳಿದವು ಮತ್ತೆ ಎರಡಾಗುತ್ತವೆ, ಮತ್ತೆ ತಪ್ಪು ಮಾಡುತ್ತವೆ, ಮತ್ತೆ ಪರೀಕ್ಷೆ. ಕೆಲವು ವಾರ ಹೀಗೆ ಸುತ್ತು ಹೊಡೆದ ಮೇಲೆ ಉಳಿಯುವ ಕೊಕ್ಕೆ ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ಬಿಗಿ. ಯಾರೂ ನಿಂತು ಹೇಳಿಕೊಡುವುದಿಲ್ಲ, ಆದರೂ ಕಲಿಕೆ ನಡೆಯುತ್ತದೆ. ದೇಹಕ್ಕೆ ಲಸಿಕೆ ಕಲಿಸುತ್ತದೆ ಎಂದರೆ ನಿಜವಾಗಿ ಆಗುವುದು ಇದು.

ಇಲ್ಲಿಂದ ಎರಡು ಬಗೆಯ ಕೋಶಗಳು ಹೊರಬರುತ್ತವೆ. ಒಂದು, ನೆನಪಿನ ಕೋಶಗಳು. ಅವು ಸದ್ದಿಲ್ಲದೆ ರಕ್ತದಲ್ಲೂ ಗ್ರಂಥಿಗಳಲ್ಲೂ ಸುತ್ತುತ್ತಿರುತ್ತವೆ. ಇನ್ನೊಂದು ಬಗೆಯವು ಮೂಳೆಯೊಳಗಿನ ಮಜ್ಜೆಗೆ ಹೋಗಿ ನೆಲೆ ನಿಲ್ಲುತ್ತವೆ. ಅಲ್ಲಿ ಕೂತು, ವೈರಸ್ ಇರಲಿ ಇಲ್ಲದಿರಲಿ, ಪ್ರತಿಕಾಯ ಬಿಡುತ್ತಲೇ ಇರುತ್ತವೆ.

ಓಟದಲ್ಲಿ ಯಾರು ಮುಂದೆ?

ಈಗ ನಿಜವಾದ ದಡಾರ ಬಂತು ಎನ್ನೋಣ. ದಡಾರ ಇರುವವರು ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ಆ ವೈರಸ್ ಎರಡು ಗಂಟೆಯವರೆಗೂ ಇರಬಲ್ಲದು. ನೀನು ಅಲ್ಲಿ ಉಸಿರಾಡಿದೆ.

ಲಸಿಕೆ ಇಲ್ಲದ ಮೈಯಾದರೆ ಒಂದು ಕೋಶದಿಂದ ಶುರು ಮಾಡಬೇಕು. ನಮ್ಮ ಲೆಕ್ಕದಲ್ಲಿ 16,384 ಆಗಲು ಏಳು ದಿನ, ಅದಕ್ಕೂ ಮೊದಲು ಹುಡುಕಾಟಕ್ಕೆ, ಒಪ್ಪಿಗೆಗೆ ಕೆಲವು ದಿನ. ಅಷ್ಟರಲ್ಲಿ ವೈರಸ್ ಶ್ವಾಸಕೋಶದಿಂದ ಮೈಯೆಲ್ಲ ಹರಡಿರುತ್ತದೆ. ಪಾನಮ್ ಫ್ಯಾರೋದಲ್ಲಿ ಬರೆದುಕೊಂಡ ಲೆಕ್ಕ ನೆನಪಿದೆಯಾ? ರೋಗ ತಗುಲಿದ ದಿನದಿಂದ ದದ್ದು ಏಳುವವರೆಗೆ 13ರಿಂದ 14 ದಿನ ಎಂದು ಆತ ಕಂಡುಕೊಂಡ. ಆ ಎರಡು ವಾರ ಮೈಯೊಳಗೆ ನಡೆಯುವುದು ಇದೇ ಓಟ. ಮೈ ಕೊನೆಗೆ ಗೆಲ್ಲುತ್ತದೆ, ಆದರೆ ಕಾಯಿಲೆ ಬಿದ್ದ ಮೇಲೆ. ಎಲ್ಲರೂ ಗೆಲ್ಲುವುದೂ ಇಲ್ಲ. ಒಳ್ಳೆಯ ಆಸ್ಪತ್ರೆಗಳಿರುವ ಕಡೆಯೂ ದಡಾರ ಬಂದ 1,000 ಮಕ್ಕಳಲ್ಲಿ 1ರಿಂದ 3 ಮಕ್ಕಳು ಸಾಯುತ್ತಾರೆ.

ಲಸಿಕೆ ಪಡೆದ ಮೈಯಲ್ಲಿ ಮೊದಲು ಎದುರಾಗುವುದು ಮೂಳೆಯ ಮಜ್ಜೆಯಿಂದ ಬಂದ ಪ್ರತಿಕಾಯ. ಅದು ಅಲ್ಲೇ ತೇಲುತ್ತಿರುತ್ತದೆ. ಎಷ್ಟೋ ವೈರಸ್‌ಗಳ ಕಥೆ ಅಲ್ಲೇ ಮುಗಿಯುತ್ತದೆ. ತಪ್ಪಿಸಿಕೊಂಡವಕ್ಕೆ ನೆನಪಿನ ಕೋಶಗಳಿವೆ. ಅವು ಒಂದಲ್ಲ, 1,024 ಇವೆ ಎಂದುಕೋ. 16,384 ಆಗಲು ಇನ್ನು ನಾಲ್ಕೇ ಸಲ ಇಮ್ಮಡಿಯಾದರೆ ಸಾಕು. ಎರಡು ದಿನ! ಕೊಕ್ಕೆಯೂ ಬಿಗಿ. ಈ ಸಂಖ್ಯೆಗಳನ್ನು ಲೆಕ್ಕ ಸುಲಭವಾಗಲಿ ಎಂದು ನಾನು ಆರಿಸಿಕೊಂಡೆ. ಆದರೆ ಮೊದಲ ಸಲ ಎರಡು ವಾರದಷ್ಟು ಹಿಡಿಯುವ ಕೆಲಸ ಎರಡನೆಯ ಸಲ ಕೆಲವೇ ದಿನಗಳಲ್ಲಿ ಆಗುವುದು ನಿಜ.

ಕಾಯಿಲೆ ಬಂದರೂ ನೆನಪು ಉಳಿಯುತ್ತದಲ್ಲ, ಲಸಿಕೆಯೇ ಯಾಕೆ ಎಂದು ನೀನು ಕೇಳಬಹುದು. ದಡಾರದ ವಿಷಯದಲ್ಲಿ ಇದಕ್ಕೆ ಬಹಳ ದುಃಖದ ಉತ್ತರವಿದೆ. ದಡಾರದ ವೈರಸ್ ಹೆಚ್ಚು ಇಷ್ಟಪಡುವುದು ನೆನಪಿನ ಕೋಶಗಳನ್ನೇ. ಬೇರೆ ರೋಗಗಳ ನೆನಪು ಇಟ್ಟುಕೊಂಡಿರುವ ಕೋಶಗಳ ಒಳಗೂ ನುಗ್ಗಿ ಅವನ್ನು ಕೊಲ್ಲುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೆದರ್‌ಲ್ಯಾಂಡ್ಸ್‌ನ ಲಸಿಕೆ ಹಾಕಿಸಿಕೊಳ್ಳದ 77 ಮಕ್ಕಳ ರಕ್ತವನ್ನು ದಡಾರ ಬರುವ ಮೊದಲು ಮತ್ತು ಬಂದು ಹೋದ ಮೇಲೆ ನೋಡಿದರು. ಅವರಲ್ಲಿದ್ದ ಬೇರೆ ಬೇರೆ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಕಾಣೆಯಾಗಿದ್ದವು. ದಡಾರವನ್ನು ನೆನಪಿಟ್ಟುಕೊಂಡ ಮೈ, ಅದಕ್ಕೂ ಮೊದಲು ಕಷ್ಟಪಟ್ಟು ಕಲಿತದ್ದರಲ್ಲಿ ಎಷ್ಟನ್ನೋ ಕಳೆದುಕೊಂಡಿತ್ತು. ಲಸಿಕೆಯ ಸಾಧು ವೈರಸ್ ಹೀಗೆ ಮಾಡುವುದಿಲ್ಲ.

ಎರಡನೆಯ ಚುಚ್ಚುಮದ್ದು ಯಾರಿಗೆ?

ಒಂದು ಡೋಸ್ ಪಡೆದ 100 ಮಕ್ಕಳಲ್ಲಿ ಸುಮಾರು 93 ಮಕ್ಕಳ ಮೈ ಚೆನ್ನಾಗಿ ಕಲಿಯುತ್ತದೆ. ಉಳಿದ 7 ಮಕ್ಕಳ ಮೈ ಕಲಿತಿರುವುದಿಲ್ಲ.

ಇದಕ್ಕೆ ಒಂದು ಕಾರಣ ಅಮ್ಮ! ಮಗು ಹೊಟ್ಟೆಯಲ್ಲಿರುವಾಗ ಅಮ್ಮನ ಪ್ರತಿಕಾಯಗಳು ಅದಕ್ಕೆ ಹರಿದು ಬಂದಿರುತ್ತವೆ. ಹುಟ್ಟಿದ ಮೇಲೆ ಕೆಲವು ತಿಂಗಳು ಅವೇ ಮಗುವನ್ನು ಕಾಯುತ್ತವೆ. ಲಸಿಕೆಯ ವೈರಸ್ ಬಂದರೆ ಅವು ಅದರ ಗುಬಟನ್ನೂ ಮುಚ್ಚಿಬಿಡುತ್ತವೆ. ಮಗುವಿನ ಬಿ ಕೋಶಕ್ಕೆ ನೋಡಲು ಏನೂ ಸಿಗುವುದಿಲ್ಲ. ಅದಕ್ಕೇ ದಡಾರದ ಲಸಿಕೆಯನ್ನು ಹುಟ್ಟಿದ ಕೂಡಲೇ ಕೊಡದೆ 9 ಅಥವಾ 12 ತಿಂಗಳವರೆಗೆ ಕಾಯುತ್ತಾರೆ. ಆ ಹೊತ್ತಿಗೂ ಕೆಲವು ಮಕ್ಕಳಲ್ಲಿ ಅಮ್ಮನ ಪ್ರತಿಕಾಯ ಸ್ವಲ್ಪ ಉಳಿದಿರಬಹುದು.

ಆ 7 ಮಕ್ಕಳು ಯಾರು ಎಂದು ನೋಡಿದರೆ ತಿಳಿಯುವುದಿಲ್ಲ. ರಕ್ತ ತೆಗೆದು ಪ್ರತಿಕಾಯ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ, ಆದರೆ ಎಲ್ಲ ಮಕ್ಕಳಿಗೂ ಅದನ್ನು ಮಾಡುವುದಕ್ಕಿಂತ ಎಲ್ಲರಿಗೂ ಇನ್ನೊಂದು ಡೋಸ್ ಕೊಡುವುದು ಸುಲಭ. ಆಗ 100ರಲ್ಲಿ 97 ಮಕ್ಕಳು ಕಲಿತಿರುತ್ತಾರೆ. ಹಾಗಾಗಿ ದಡಾರದ ಎರಡನೆಯ ಡೋಸ್ ಮುಖ್ಯವಾಗಿ ಮರೆತವರಿಗೆ ಜ್ಞಾಪಿಸಲು ಅಲ್ಲ. ಮೊದಲ ಪಾಠ ತಪ್ಪಿಹೋದವರಿಗೆ ಮತ್ತೊಂದು ಅವಕಾಶ.

ಧನುರ್ವಾಯುವಿನ ಲಸಿಕೆಯದು ಬೇರೆ ಕಥೆ. ಅದರಲ್ಲಿ ಜೀವವಿರುವ ರೋಗಾಣು ಇರುವುದೇ ಇಲ್ಲ. ರೋಗಾಣು ಬಿಡುವ ವಿಷವನ್ನು ಕೆಡಿಸಿ ಕೊಡುತ್ತಾರೆ. ಅದರ ಪ್ರತಿಕಾಯಗಳು ವರ್ಷಗಳು ಕಳೆದಂತೆ ಇಳಿಯುತ್ತವೆ. ಹಾಗಾಗಿ ಅಲ್ಲಿ ಜ್ಞಾಪಿಸುವ ಡೋಸ್ ನಿಜವಾಗಿಯೂ ಬೇಕು. ಫ್ಲೂ ಇನ್ನೂ ತಂಟೆಯದು. ಅದು ತನ್ನ ಗುಬಟಿನ ಆಕಾರವನ್ನೇ ಬದಲಿಸುತ್ತಾ ಹೋಗುತ್ತದೆ. ನಿನ್ನ ಮೈ ಏನೂ ಮರೆತಿರುವುದಿಲ್ಲ, ಆದರೆ ಹಳೆಯ ಕೊಕ್ಕೆ ಹೊಸ ಗುಬಟಿಗೆ ಕೂರುವುದಿಲ್ಲ. ದಡಾರದ ವೈರಸ್ ಹಾಗೆ ಬದಲಾಗಲಾರದು. 1954ರ ಆ ಹುಡುಗನಿಂದ ಬಂದ ವೈರಸ್ಸಿನ ಲಸಿಕೆ ಇವತ್ತಿಗೂ ಕೆಲಸ ಮಾಡುವುದು ಅದಕ್ಕೇ.

ಈ ಲಸಿಕೆಯನ್ನು ಕೊಡಬಾರದ ಜನರೂ ಇದ್ದಾರೆ. ಕ್ಯಾನ್ಸರ್‌ಗೆ ಔಷಧಿ ತೆಗೆದುಕೊಳ್ಳುತ್ತಿರುವ ಮಗುವಿನ ಬಿಳಿ ರಕ್ತಕಣಗಳು ತುಂಬಾ ಕಡಿಮೆಯಾಗಿರಬಹುದು. ಅಂಥ ಮೈಗೆ ಸಾಧು ವೈರಸ್ಸೂ ಭಾರ. ಆ ಮಗುವನ್ನು ಕಾಯಲು ಅದರ ಹತ್ತಿರಕ್ಕೆ ವೈರಸ್ ಬರದಂತೆ ನೋಡಿಕೊಳ್ಳುವುದೇ ದಾರಿ. ದಡಾರ ಎಷ್ಟು ಬೇಗ ಹರಡುತ್ತದೆ ಎಂದರೆ, ಅದನ್ನು ತಡೆಯಲು ಸುತ್ತಲಿನ 100 ಜನರಲ್ಲಿ ಸುಮಾರು 95 ಜನರ ಮೈ ಅದನ್ನು ಗುರುತಿಸುವಂತಿರಬೇಕು.

ಇನ್ನು ಫ್ಯಾರೋದ ಅಜ್ಜ ಅಜ್ಜಿಯರು. ಅವರ ನೆನಪು ಎಲ್ಲಿತ್ತು ಎಂದು ಪಾನಮ್‌ಗೆ ತಿಳಿಯುವಂತಿರಲಿಲ್ಲ. ಆಗ ಪ್ರತಿಕಾಯ ಎಂಬ ಪದವೇ ಹುಟ್ಟಿರಲಿಲ್ಲ. ಇತ್ತೀಚೆಗೆ ವಿಜ್ಞಾನಿಗಳು ಒಂದಷ್ಟು ಜನರ ರಕ್ತವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ, ದಡಾರದ ಪ್ರತಿಕಾಯ ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂದು ಲೆಕ್ಕ ಹಾಕಿದರು. ಕಾಯಿಲೆಯಿಂದ ಬಂದ ಪ್ರತಿಕಾಯ ಅರ್ಧಕ್ಕೆ ಇಳಿಯಲು 200 ವರ್ಷಕ್ಕಿಂತ ಜಾಸ್ತಿ ಬೇಕು ಎಂದು ಬಂತು. ಅಷ್ಟು ವರ್ಷ ಯಾರೂ ಬದುಕುವುದಿಲ್ಲ. 1781ರಲ್ಲಿ ಆ ಮಕ್ಕಳ ಮೂಳೆಯೊಳಗೆ ಹೋಗಿ ಕೂತ ಕೋಶಗಳು, ಅವರು ಬೆಳೆದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ಮುದುಕರಾದರೂ ಕೊಕ್ಕೆ ಬಿಡುತ್ತಲೇ ಇದ್ದವು.